ಕೊಳವೆಬಾವಿ ಪಂಪ್‌ಸೆಟ್ ನಿರ್ವಹಣೆ: ಮೋಟಾರು ಎತ್ತುವ ಮೊದಲು ಪ್ಯಾನೆಲ್‌ನಲ್ಲೇ ಓದಬೇಕಾದದ್ದು

ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಎಣ್ಣೆ ಬಿಡುವಂತಿಲ್ಲ, ಬೋಲ್ಟ್ ಬಿಗಿ ಮಾಡುವಂತಿಲ್ಲ, ಕಿವಿಗೊಟ್ಟು ಸದ್ದು ಕೇಳುವಂತೆಯೂ ಇಲ್ಲ. ಅದು ಮುನ್ನೂರು ನಾನೂರು ಅಡಿ ಕೆಳಗೆ ನೀರಿನಲ್ಲಿ ಮುಳುಗಿರುತ್ತದೆ. ಆದರೆ ಕೆಳಗೆ ಆಗುವ ಬಹುತೇಕ ಎಲ್ಲ ತೊಂದರೆಯೂ ಮೇಲಿನ ಪ್ಯಾನೆಲ್‌ನಲ್ಲಿ ಮತ್ತು ಡೆಲಿವರಿ ಪೈಪಿನ ಬಾಯಲ್ಲಿ ವಾರಗಟ್ಟಲೆ ಮೊದಲೇ ಕಾಣಿಸಿಕೊಳ್ಳುತ್ತದೆ. ಅದನ್ನು ಓದಲು ಗೊತ್ತಿದ್ದರೆ ಎತ್ತಬೇಕಾದ ಮೋಟಾರನ್ನು ಸುಡುವ ಮೊದಲೇ ಎತ್ತಬಹುದು. ಅದಕ್ಕಿಂತ ಹೆಚ್ಚಾಗಿ, ಎತ್ತುವ ಅಗತ್ಯವೇ ಇಲ್ಲದ ಮೋಟಾರಿಗೆ ಸುಮ್ಮನೆ ಕೂಲಿ ಕೊಡುವುದು ತಪ್ಪುತ್ತದೆ.

ಈ ಕೈಪಿಡಿ 6 ಇಂಚಿನ ಬೋರಿನಲ್ಲಿ ಕೂರುವ, ಒಳಗೆ ನೀರು ತುಂಬುವ, ರಿವೈಂಡಿಂಗ್ ಮಾಡಬಹುದಾದ ತ್ರೀ ಫೇಸ್ ಮೋಟಾರಿಗೆ ಸಂಬಂಧಿಸಿದ್ದು. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 7.5 ಎಚ್‌ಪಿ ಮೋಟಾರು, ನಾಮಫಲಕದಲ್ಲಿ 415 ವೋಲ್ಟ್, 16 ಆಂಪ್. ಬೋರಿನ ಆಳ 400 ಅಡಿ, ಪಂಪ್ ಇಳಿಸಿರುವುದು 350 ಅಡಿಗೆ. ನಿಂತ ನೀರಿನ ಮಟ್ಟ 200 ಅಡಿ, ಪಂಪ್ ಓಡುವಾಗ 300 ಅಡಿ. ಎರಡೂವರೆ ಇಂಚಿನ ಕಾಲಂ ಪೈಪು, 4 ಚದರ ಮಿಲಿಮೀಟರಿನ ತಾಮ್ರದ ಚಪ್ಪಟೆ ಕೇಬಲ್, ಡೈರೆಕ್ಟ್ ಸ್ಟಾರ್ಟರ್. ನಿಮ್ಮ ಮೋಟಾರಿನ ಸಂಖ್ಯೆ ಬೇರೆಯಾದರೆ ನಿಮ್ಮ ನಾಮಫಲಕದ ಸಂಖ್ಯೆಯನ್ನೇ ಹಿಡಿಯಿರಿ. ಮೋಟಾರು ಇಳಿಸುವ ಮೊದಲೇ ಆ ಫಲಕದ ಫೋಟೊ ತೆಗೆದಿಡಿ, ಇಳಿದ ಮೇಲೆ ಅದನ್ನು ನೋಡುವ ದಾರಿಯಿಲ್ಲ.

## ಮೊದಲ ದಿನದ ದಾಖಲೆ

ಪಂಪ್ ಚೆನ್ನಾಗಿ ಓಡುತ್ತಿರುವಾಗಲೇ ಅದರ ಆರೋಗ್ಯದ ಅಂಕಿಗಳನ್ನು ಬರೆದಿಡಬೇಕು. ಇದಿಲ್ಲದಿದ್ದರೆ ಮುಂದೆ ಬರುವ ಯಾವ ತಪಾಸಣೆಗೂ ಅರ್ಥವಿಲ್ಲ. 14 ಆಂಪ್ ಎನ್ನುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಹಿಂದೆ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ.

ಪಂಪ್ ಶುರು ಮಾಡಿ ಅರ್ಧ ಗಂಟೆ ಓಡಲಿ, ನೀರಿನ ಮಟ್ಟ ಒಂದು ಕಡೆ ನಿಲ್ಲಲಿ. ಆಮೇಲೆ ಮೂರು ಫೇಸ್‌ಗಳ ನಡುವಿನ ವೋಲ್ಟೇಜು ಬರೆಯಿರಿ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಿಗೂ ಕ್ಲಾಂಪ್ ಮೀಟರ್ ಹಾಕಿ ಆಂಪ್ ಬರೆಯಿರಿ. ಡೆಲಿವರಿ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ನಮ್ಮ ಉದಾಹರಣೆಯಲ್ಲಿ ಒಂದೊಂದು ತಂತಿಗೂ ಸುಮಾರು 15 ಆಂಪ್, ಡ್ರಮ್ಮಿಗೆ 60 ಸೆಕೆಂಡು, ಅಂದರೆ ಸೆಕೆಂಡಿಗೆ ಮೂರು ಲೀಟರಿಗಿಂತ ಸ್ವಲ್ಪ ಹೆಚ್ಚು. ಕೊನೆಯದಾಗಿ ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಪೈಪಿನ ಬಾಯಿಗೆ ನೀರು ಬರುತ್ತದೆ ಎಂಬುದನ್ನೂ ಬರೆಯಿರಿ. ಇದು ಸಣ್ಣ ಸಂಗತಿಯಂತೆ ಕಂಡರೂ ಕಾಲಂ ಪೈಪಿನ ಸ್ಥಿತಿಯನ್ನು ತಿಳಿಸುವ ಸುಲಭದ ಗುರುತು ಇದೇ.

ಆಂಪ್ ಅಳೆಯುವ ಜಾಗದ ಬಗ್ಗೆ ಒಂದು ಎಚ್ಚರ. ಕಂಡೆನ್ಸರ್ ಹಾಕಿರುವ ಪ್ಯಾನೆಲ್‌ನಲ್ಲಿ ಮೇನ್ ಸ್ವಿಚ್ಚಿನ ಬಳಿ ಅಳೆದರೆ ಮೋಟಾರು ಎಳೆಯುವುದಕ್ಕಿಂತ ಕಡಿಮೆ ಆಂಪ್ ತೋರಿಸುತ್ತದೆ. ಪ್ಯಾನೆಲ್ಲಿನ ಆಂಪ್ ಮೀಟರು ಕಂಡೆನ್ಸರಿಗಿಂತ ಮುಂಚೆ ಇದ್ದರೆ ಅದರ ಮಾತೂ ಅಷ್ಟೇ. ಹಾಗಾಗಿ ಪ್ರತಿಸಲವೂ ಮೋಟಾರಿಗೆ ಇಳಿಯುವ ತಂತಿಯ ಮೇಲೆಯೇ, ಒಂದೇ ಜಾಗದಲ್ಲಿ ಅಳೆಯಿರಿ.

## ಪ್ಯಾನೆಲ್ ಮುಟ್ಟುವ ಮುನ್ನ

ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಬೇರೆಯವರು ಬಂದು ಸ್ವಿಚ್ ಏರಿಸದಂತೆ ಕಾಯುವ ಸರಳ ಉಪಾಯ ಅದು. ಆಟೊ ಸ್ಟಾರ್ಟರ್ ಇದ್ದರೆ ಅದನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ. ಕರೆಂಟು ಹೋದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಐದು ನಿಮಿಷ ಬಿಟ್ಟು, ಮೀಟರಿನಲ್ಲಿ ನೋಡಿಯೇ ಕೈಹಾಕಿ. ಮೋಟಾರು ಓಡುತ್ತಿರುವಾಗ ಮಾಡಬೇಕಾದ ವೋಲ್ಟೇಜು ಪರೀಕ್ಷೆಗಳನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಟ್ರಾನ್ಸ್‌ಫಾರ್ಮರಿನ, ಅಂದರೆ ಟಿಸಿಯ, ಕಡೆಯ ಯಾವ ಕೆಲಸಕ್ಕೂ ಲೈನ್‌ಮ್ಯಾನ್ ಬರಬೇಕು, ನೀವೇ ಕಂಬ ಹತ್ತಬೇಡಿ.

## ತಪಾಸಣೆಯ ವೇಳಾಪಟ್ಟಿ

| ಯಾವಾಗ | ಏನು ನೋಡಬೇಕು | ಯಾವ ಮಿತಿ ದಾಟಿದರೆ ನಿಲ್ಲಿಸಬೇಕು |
|---|---|---|
| ವಾರಕ್ಕೊಮ್ಮೆ | ಮೂರು ಫೇಸ್ ವೋಲ್ಟೇಜು, ಆಂಪ್. ನೀರು ಬರಲು ಹಿಡಿದ ಸಮಯ | 350 ವೋಲ್ಟಿಗಿಂತ ಕಡಿಮೆ, ಅಥವಾ ನಾಮಫಲಕಕ್ಕಿಂತ ಹೆಚ್ಚು ಆಂಪ್ |
| ವಾರಕ್ಕೊಮ್ಮೆ | ಬಕೆಟ್ ನೀರಿನಲ್ಲಿ ಮರಳು | 20 ಲೀಟರಿಗೆ 1 ಗ್ರಾಂ (ಎರಡು ಚಿಟಿಕೆ) ದಾಟಿದರೆ |
| ತಿಂಗಳಿಗೊಮ್ಮೆ | ಡ್ರಮ್ ತುಂಬುವ ಸಮಯ. ಮೂರು ಆಂಪ್‌ಗಳ ವ್ಯತ್ಯಾಸ | ಆಂಪ್ ವ್ಯತ್ಯಾಸ ಶೇ 5 ದಾಟಿದರೆ ಕಾರಣ ಹುಡುಕಿ, ಶೇ 10 ದಾಟಿದರೆ ಓಡಿಸಬೇಡಿ |
| ತಿಂಗಳಿಗೊಮ್ಮೆ | ಪ್ಯಾನೆಲ್ ಒಳಗಿನ ಧೂಳು, ಇರುವೆ, ಹಲ್ಲಿ. ಕಪ್ಪಾದ ತಿರುಪುಗಳು | ಕರಗಿದ ಅಥವಾ ಸುಟ್ಟ ವಾಸನೆಯ ತಂತಿ |
| ಮೂರು ತಿಂಗಳಿಗೊಮ್ಮೆ | ತಂತಿಯ ಹೊದಿಕೆಯ ಗಟ್ಟಿತನ ಅಳೆಯುವ ಮೆಗ್ಗರ್ ಪರೀಕ್ಷೆ; ಫೇಸ್ ಪ್ರಿವೆಂಟರ್ ಕೆಲಸ ಮಾಡುತ್ತದೆಯೇ; ಓವರ್‌ಲೋಡ್ ರಿಲೇಯ ಮುಳ್ಳು ಎಲ್ಲಿದೆ | 0.5 ಮೆಗಾಓಮ್‌ಗಿಂತ ಕೆಳಗೆ ಬಂದರೆ ಎತ್ತಲು ದಿನ ಗೊತ್ತು ಮಾಡಿ, 0.02ರ ಕೆಳಗಾದರೆ ಓಡಿಸಬೇಡಿ |
| ಬೇಸಿಗೆಗೆ ಮೊದಲು | ನಿಂತ ನೀರಿನ ಮಟ್ಟ, ಓಡುವಾಗಿನ ಮಟ್ಟ. ಡ್ರೈ ರನ್ ಸೆಟ್ಟಿಂಗ್. ಅರ್ತಿಂಗ್ ಗುಂಡಿಗೆ ನೀರು | ಪಂಪಿನ ಮೇಲೆ 10 ಅಡಿಗಿಂತ ಕಡಿಮೆ ನೀರು |
| ಮಳೆಗಾಲಕ್ಕೆ ಮೊದಲು | ಕಾಂಟ್ಯಾಕ್ಟರ್ ಪಾಯಿಂಟ್, ಕಂಡೆನ್ಸರ್, ಪ್ಯಾನೆಲ್ ಬಾಗಿಲಿನ ರಬ್ಬರು, ಬೋರಿನ ಬಾಯಿ ಮುಚ್ಚಳ | ಬೋರಿನೊಳಗೆ ಮೇಲಿನ ನೀರು ಇಳಿಯುವ ಸಂದು |

ಫೇಸ್ ಪ್ರಿವೆಂಟರ್ ಪರೀಕ್ಷಿಸಲು ಮೋಟಾರು ನಿಂತಿರುವಾಗ ಮೇನ್ ಸ್ವಿಚ್ಚಿನ ಒಂದು ಫ್ಯೂಸ್ ಕಿತ್ತು, ಮತ್ತೆ ಸ್ವಿಚ್ ಏರಿಸಿ, ಸ್ಟಾರ್ಟ್ ಗುಂಡಿ ಒತ್ತಿ. ಸ್ಟಾರ್ಟರ್ ಹಿಡಿಯಬಾರದು. ಹಿಡಿದು ಮೋಟಾರು ಗುಂಯ್‌ಗುಟ್ಟಿದರೆ ಆ ಕ್ಷಣವೇ ನಿಲ್ಲಿಸಿ, ಪ್ರಿವೆಂಟರ್ ಬದಲಿಸಿ. ಮೂರು ಫೇಸೂ ಒಂದೊಂದಾಗಿ ಹೀಗೆ ನೋಡಬೇಕು. ಎರಡೇ ಫೇಸ್ ಬರುವ ಹೊತ್ತಿನಲ್ಲಿ ಪ್ರಿವೆಂಟರನ್ನು ಬೈಪಾಸ್ ಮಾಡಿ, ಕಂಡೆನ್ಸರ್ ಆಸರೆಯಲ್ಲಿ ಓಡಿಸುವ ರೂಢಿ ಹಲವು ಊರುಗಳಲ್ಲಿದೆ. ಬೆಳೆ ಒಣಗುವಾಗ ಹಾಗೆ ಮಾಡುವವರ ಸಂಕಟ ಅರ್ಥವಾಗುವಂಥದ್ದೇ. ಆದರೆ ತ್ರೀ ಫೇಸ್‌ಗೆ ಸುತ್ತಿದ ವೈಂಡಿಂಗಿನಲ್ಲಿ ಆಗ ಆಂಪ್ ಸಮನಾಗಿ ಹಂಚಿಕೆಯಾಗುವುದಿಲ್ಲ, ಒಂದೆರಡು ಕಾಯಿಲ್ ಮಿತಿಮೀರಿ ಕಾಯುತ್ತವೆ. ಒಂದು ಸಲಕ್ಕೆ ಸುಡದಿದ್ದರೂ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಆಯುಸ್ಸು ಕಳೆದುಕೊಳ್ಳುತ್ತದೆ.

ಓವರ್‌ಲೋಡ್ ರಿಲೇಯ ಮುಳ್ಳು ನಾಮಫಲಕದ ಆಂಪ್‌ಗಿಂತ ಮೇಲೆ ಹೋಗಬಾರದು. ನಮ್ಮ ಉದಾಹರಣೆಯಲ್ಲಿ 16. ವೋಲ್ಟೇಜು 360ಕ್ಕೆ ಇಳಿದರೆ ಅದೇ ಮೋಟಾರು 17 ಆಂಪ್ ಎಳೆಯುತ್ತದೆ, ರಿಲೇ ಟ್ರಿಪ್ ಆಗುತ್ತದೆ. ಅದು ರಿಲೇಯ ದೋಷವಲ್ಲ. ಮುಳ್ಳನ್ನು 20ಕ್ಕೆ ತಿರುಗಿಸಿದರೆ ಟ್ರಿಪ್ ನಿಲ್ಲುತ್ತದೆ, ಮೋಟಾರಿನ ಬಿಸಿ ಮಾತ್ರ ಹಾಗೇ ಉಳಿಯುತ್ತದೆ.

ಆಟೊ ಸ್ಟಾರ್ಟರಿನ ಟೈಮರ್ ಕನಿಷ್ಠ ಎರಡು ಮೂರು ನಿಮಿಷ ಇರಲಿ. ಕರೆಂಟು ಹೋಗಿ ಬಂದಾಗ ಕಾಲಂನ ನೀರು ಹಿಂದಕ್ಕೆ ಇಳಿಯುತ್ತಿದ್ದರೆ ಪಂಪ್ ಉಲ್ಟಾ ತಿರುಗುತ್ತಿರುತ್ತದೆ. ಆ ಹೊತ್ತಿನಲ್ಲೇ ಮೋಟಾರು ಶುರುವಾದರೆ ಶಾಫ್ಟ್ ಅಥವಾ ಕಪ್ಲಿಂಗ್ ಮುರಿಯಬಹುದು. ಒಂದೇ ಟಿಸಿಯಲ್ಲಿರುವ ರೈತರು ಒಬ್ಬರು 2 ನಿಮಿಷ, ಇನ್ನೊಬ್ಬರು 4, ಮತ್ತೊಬ್ಬರು 6 ಎಂದು ಹಂಚಿಕೊಂಡರೆ ಕರೆಂಟು ಬಂದೊಡನೆ ಎಲ್ಲ ಮೋಟಾರು ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುವುದೂ ತಪ್ಪುತ್ತದೆ.

## ಆಂಪ್ ಏರುಪೇರು: ತಪ್ಪು ಕೆಳಗೋ ಮೇಲೋ?

ಮೂರು ತಂತಿಗಳಲ್ಲಿ ಬೇರೆ ಬೇರೆ ಆಂಪ್ ಕಂಡ ಕೂಡಲೇ “ವೈಂಡಿಂಗ್ ಹೋಗಿದೆ, ಎತ್ತಿಬಿಡಿ” ಎನ್ನುವವರು ಸಿಗುತ್ತಾರೆ. ಎತ್ತುವ ಮೊದಲು ಅರ್ಧ ಗಂಟೆಯ ಒಂದು ಪರೀಕ್ಷೆ ಮಾಡಿ. ಮೂರು ತಂತಿ ಇಳಿಸಿರುವ ಡೈರೆಕ್ಟ್ ಸ್ಟಾರ್ಟರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಆರು ತಂತಿಯ ಸ್ಟಾರ್-ಡೆಲ್ಟಾದಲ್ಲಿ ತಂತಿ ಬದಲಿಸುವ ಕ್ರಮ ಬೇರೆ, ಅದನ್ನು ಅರಿತವರಿಂದಲೇ ಮಾಡಿಸಿ.

ಸ್ಟಾರ್ಟರಿನಿಂದ ಹೊರಡುವ ಮೂರು ಟರ್ಮಿನಲ್‌ಗಳನ್ನು 1, 2, 3 ಎನ್ನೋಣ. ಮೋಟಾರಿನ ತಂತಿ ಕೆಂಪು, ಹಳದಿ, ನೀಲಿ. ಮೊದಲು ಇದ್ದಂತೆಯೇ ಓಡಿಸಿ ಆಂಪ್ ಬರೆಯಿರಿ. ಆಮೇಲೆ ನಿಲ್ಲಿಸಿ, ಮೂರು ತಂತಿಗಳನ್ನೂ ಒಂದೊಂದು ಮನೆ ಮುಂದೆ ಸರಿಸಿ. ಮೂರನ್ನೂ ಒಟ್ಟಿಗೆ ಸರಿಸಿದರೆ ಮೋಟಾರು ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನೇ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಹೀಗೆ ಎರಡು ಸಲ ಸರಿಸಿ ಒಟ್ಟು ಮೂರು ಸಾಲು ಅಂಕಿ ಪಡೆಯಿರಿ. ಪ್ರತಿ ಸಲದ ನಡುವೆ ಐದು ನಿಮಿಷ ಬಿಡಿ.

| ಜೋಡಣೆ | ಟರ್ಮಿನಲ್ 1 | ಟರ್ಮಿನಲ್ 2 | ಟರ್ಮಿನಲ್ 3 |
|---|---|---|---|
| ಮೊದಲನೆಯದು | ಕೆಂಪು 13.2 | ಹಳದಿ 16.0 | ನೀಲಿ 15.8 |
| ಎರಡನೆಯದು | ನೀಲಿ 13.3 | ಕೆಂಪು 15.8 | ಹಳದಿ 15.9 |
| ಮೂರನೆಯದು | ಹಳದಿ 13.4 | ನೀಲಿ 16.0 | ಕೆಂಪು 15.6 |

ಮೊದಲ ಸಾಲಿನ ಮೊತ್ತ 45, ಸರಾಸರಿ 15. ಸರಾಸರಿಯಿಂದ ಅತಿ ದೂರ ಇರುವುದು 13.2, ವ್ಯತ್ಯಾಸ 1.8. ಅದನ್ನು 15ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ 12. ಓಡಿಸಬಾರದ ಮಟ್ಟವೇ ಸರಿ. ಆದರೆ ಸಾಲುಗಳನ್ನು ಮೇಲಿಂದ ಕೆಳಕ್ಕೆ ಓದಿ. ಕಡಿಮೆ ಆಂಪ್ ಯಾವಾಗಲೂ ಟರ್ಮಿನಲ್ 1ರಲ್ಲೇ ಉಳಿದಿದೆ. ಅಲ್ಲಿಗೆ ಕೆಂಪು ಬಂದರೂ ನೀಲಿ ಬಂದರೂ ಹಳದಿ ಬಂದರೂ ಅಷ್ಟೇ. ಅಂದರೆ ಮೋಟಾರು ಮತ್ತು ಕೇಬಲ್ ಸರಿಯಿವೆ, ತಪ್ಪು ಸ್ಟಾರ್ಟರಿನಲ್ಲೋ ಅದರ ಹಿಂದಿನ ಸರಬರಾಜಿನಲ್ಲೋ ಇದೆ. ಕಡಿಮೆ ಆಂಪ್ ಕೆಂಪು ತಂತಿಯ ಜೊತೆಗೇ 1ರಿಂದ 2ಕ್ಕೆ, 2ರಿಂದ 3ಕ್ಕೆ ಸರಿದಿದ್ದರೆ ತೀರ್ಪು ತಲೆಕೆಳಗು: ಕೇಬಲ್, ಜಾಯಿಂಟ್ ಅಥವಾ ವೈಂಡಿಂಗ್.

ಮುಂದೆ, ಓಡುತ್ತಿರುವಾಗ ಒಂದೇ ಫೇಸಿನ ಒಳಬದಿ ಮತ್ತು ಹೊರಬದಿಗೆ ಮಲ್ಟಿಮೀಟರಿನ ಎರಡು ಮುಳ್ಳು ಇಟ್ಟು ವೋಲ್ಟೇಜು ನೋಡುತ್ತಾ ಹೋಗಬೇಕು. ಮೊದಲು ಫ್ಯೂಸ್ ಕ್ಯಾರಿಯರ್, ಆಮೇಲೆ ಕಾಂಟ್ಯಾಕ್ಟರ್, ಆಮೇಲೆ ರಿಲೇ. ಗಟ್ಟಿಯಾದ ಸಂಪರ್ಕದಲ್ಲಿ ಸೊನ್ನೆಯ ಹತ್ತಿರವೇ ಇರುತ್ತದೆ. ಈ ಉದಾಹರಣೆಯಲ್ಲಿ 1ನೇ ಫೇಸಿನ ಪಿಂಗಾಣಿ ಫ್ಯೂಸ್ ಕ್ಯಾರಿಯರಿನಲ್ಲಿ 7 ವೋಲ್ಟ್ ಕಂಡಿತು ಎನ್ನಿ. 7 ವೋಲ್ಟ್, 13 ಆಂಪ್ ಗುಣಿಸಿದರೆ ಸುಮಾರು 90 ವ್ಯಾಟ್. ಒಂದು ದೊಡ್ಡ ಬಲ್ಬಿನಷ್ಟು ಬಿಸಿ ಆ ಸಡಿಲವಾದ ಹಿತ್ತಾಳೆ ಕ್ಲಿಪ್ಪಿನಲ್ಲಿ ಹುಟ್ಟುತ್ತಿದೆ. ನಿಲ್ಲಿಸಿ ಬಿಚ್ಚಿದರೆ ಕ್ಲಿಪ್ ನೀಲಿಗಟ್ಟಿ, ಸ್ಪ್ರಿಂಗಿನ ಬಿಗಿ ಹೋಗಿರುವುದು ಕಾಣುತ್ತದೆ. ಕ್ಯಾರಿಯರ್ ಬದಲಿಸಿದರೆ ಮುಗಿಯಿತು. ಉಜ್ಜಿ ಮತ್ತೆ ಹಾಕಿದರೆ ವಾರದಲ್ಲಿ ಅದೇ ಕತೆ, ಏಕೆಂದರೆ ಬಿಸಿಗೆ ಬಿಗಿ ಕಳೆದುಕೊಂಡ ಹಿತ್ತಾಳೆ ಮತ್ತೆ ಬಿಗಿಯಾಗದು.

ಇಷ್ಟು ಸಣ್ಣ ಸಡಿಲ ಇಷ್ಟು ದೊಡ್ಡ ವ್ಯತ್ಯಾಸ ಹೇಗೆ ತರುತ್ತದೆ ಎಂದರೆ, ವೋಲ್ಟೇಜಿನಲ್ಲಿ ಶೇ 1ರ ಏರುಪೇರು ಆಂಪ್‌ನಲ್ಲಿ ಸುಮಾರು ಶೇ 6ರಿಂದ 10ರಷ್ಟಾಗಿ ಕಾಣಿಸುತ್ತದೆ. ಎಲ್ಲ ಸಂಪರ್ಕ ಗಟ್ಟಿಯಿದ್ದೂ ವ್ಯತ್ಯಾಸ ಉಳಿದರೆ ಮೇನ್ ಸ್ವಿಚ್ಚಿಗೆ ಬರುವ ವೋಲ್ಟೇಜನ್ನೇ ನೋಡಿ. ಅಲ್ಲೇ ಮೂರು ಅಂಕಿ ಬೇರೆ ಬೇರೆ ಇದ್ದರೆ ಅದನ್ನು ಬರೆದುಕೊಂಡು ವಿದ್ಯುತ್ ಕಂಪನಿಯ ಶಾಖೆಗೆ ತಿಳಿಸಿ, ಟಿಸಿಯ ಜಂಪರ್ ಸರಿಪಡಿಸುವುದು ಅವರ ಕೆಲಸ.

## ಮೆಗ್ಗರ್ ಹೇಳುವುದು ಮತ್ತು ಹೇಳದಿರುವುದು

ಮೋಟಾರಿನ ಮೂರು ತಂತಿಗಳನ್ನು ಸ್ಟಾರ್ಟರಿನಿಂದ ಪೂರ್ತಿ ಬಿಚ್ಚಿ. ಹಾಗೇ ಬಿಟ್ಟು ಮೆಗ್ಗರ್ ಹೊಡೆದರೆ ಪ್ರಿವೆಂಟರಿನ ಎಲೆಕ್ಟ್ರಾನಿಕ್ ಬೋರ್ಡು ಹಾಳಾಗುತ್ತದೆ. 500 ವೋಲ್ಟಿನ ಮೆಗ್ಗರಿನ ಒಂದು ತುದಿ ಮೋಟಾರಿನ ತಂತಿಗೆ, ಇನ್ನೊಂದು ಅರ್ತ್ ತಂತಿಗೆ ಅಥವಾ ಕಬ್ಬಿಣದ ಕೇಸಿಂಗಿಗೆ. ಒಂದು ನಿಮಿಷದ ನಂತರದ ಅಂಕಿ ಬರೆಯಿರಿ.

ಬೋರಿನೊಳಗೆ ಇಳಿಸಿದ ಹೊಸ ಮೋಟಾರು, ಕೇಬಲ್ ಸೇರಿ, 2 ಮೆಗಾಓಮ್‌ಗಿಂತ ಮೇಲೆ ತೋರಿಸಬೇಕು. ಬಳಕೆಯಲ್ಲಿರುವುದಕ್ಕೆ 0.5ರಿಂದ 2 ಪರವಾಗಿಲ್ಲ. 0.5ರ ಕೆಳಗೆ ಬಂದರೆ ನಿರೋಧಕ ಹೊದಿಕೆ ಎಲ್ಲೋ ಹಾಳಾಗುತ್ತಿದೆ, ಎತ್ತಲು ದಿನ ಗೊತ್ತು ಮಾಡಿ. 0.02ರ ಕೆಳಗೆ ಇಳಿದಿದ್ದರೆ ಓಡಿಸಲೇಬೇಡಿ. ಒಂದೇ ಅಂಕಿಗಿಂತ ಅದರ ನಡೆ ಮುಖ್ಯ. ಮಾರ್ಚ್‌ನಲ್ಲಿ 8, ಜೂನ್‌ನಲ್ಲಿ 6, ಸೆಪ್ಟೆಂಬರ್‌ನಲ್ಲಿ 5 ಎಂದಿದ್ದರೆ ಸಹಜ ಸವಕಳಿ. 8 ಇದ್ದದ್ದು ಮೂರೇ ತಿಂಗಳಲ್ಲಿ 0.9ಕ್ಕೆ ಬಿದ್ದಿದ್ದರೆ, ಇನ್ನೂ ಮಿತಿಯೊಳಗೇ ಇದೆ ಎಂದು ಸುಮ್ಮನಿರಬೇಡಿ.

ಮೂರು ತಂತಿಗಳೂ ವೈಂಡಿಂಗಿನೊಳಗೆ ಒಂದಕ್ಕೊಂದು ಸೇರಿರುವುದರಿಂದ ಮೂರರಲ್ಲೂ ಒಂದೇ ಅಂಕಿ ಬರುತ್ತದೆ. ಯಾವ ಫೇಸ್ ಕೆಟ್ಟಿದೆ ಎಂದು ಮೆಗ್ಗರ್ ಹೇಳುವುದಿಲ್ಲ. ದೋಷ ವೈಂಡಿಂಗಿನಲ್ಲೋ ಕೇಬಲ್ ಜಾಯಿಂಟಿನಲ್ಲೋ ಎಂಬುದನ್ನೂ ಮೇಲಿನಿಂದ ತಿಳಿಯಲಾಗದು. ಹಾಗಾಗಿ ಕಡಿಮೆ ಮೆಗಾಓಮ್ ಕಂಡು ಮೋಟಾರು ಎತ್ತಿದಾಗ ನೇರವಾಗಿ ರಿವೈಂಡಿಂಗ್ ಅಂಗಡಿಗೆ ಕೊಂಡೊಯ್ಯಬೇಡಿ. ಬೋರಿನ ಪಕ್ಕದಲ್ಲೇ ಜಾಯಿಂಟ್ ಕತ್ತರಿಸಿ, ಮೋಟಾರನ್ನು ಒಂದು ಕಡೆ, ಕೇಬಲ್ ಅನ್ನು ಒಂದು ಕಡೆ ಬೇರೆಬೇರೆಯಾಗಿ ಅಳೆಯಿರಿ. ಕೇಬಲ್ಲಿನ ಎರಡು ತುದಿಗಳನ್ನು ಮೇಲಿಟ್ಟು ಉಳಿದದ್ದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅಳೆದರೆ ಇಲಿ ಕಡಿದ ಅಥವಾ ಕೇಸಿಂಗಿಗೆ ಉಜ್ಜಿದ ಜಾಗವೂ ಸಿಕ್ಕಿಬೀಳುತ್ತದೆ. ಜಾಯಿಂಟ್ ಕತ್ತರಿಸಿದ ಮೇಲೆ ಮೋಟಾರು 10 ಮೆಗಾಓಮ್‌ಗಿಂತ ಮೇಲೆ ತೋರಿಸಿದರೆ ವೈಂಡಿಂಗ್ ಚೆನ್ನಾಗಿದೆ; ಕೇಬಲ್ಲೂ ಸರಿಯಿದ್ದರೆ ಕೆಟ್ಟದ್ದು ಜಾಯಿಂಟಿನ ಟೇಪು ಮಾತ್ರ.

ತಂತಿಗಳ ನಡುವಿನ ಓಮ್ ಅಳೆಯುವ ಅಭ್ಯಾಸವೂ ಇದೆ. ಮೂರು ಜೋಡಿಯೂ ಶೇ 5ರೊಳಗೆ ಸಮ ಇರಬೇಕು ಎಂಬುದು ನಿಜ. ಆದರೆ ಇಲ್ಲಿ ಇರುವುದೇ ಮೂರು ನಾಲ್ಕು ಓಮ್, ಅದರಲ್ಲೂ ಸುಮಾರು ಒಂದೂಕಾಲು ಓಮ್ ಕೇಬಲ್ಲಿನದು. ಸಾಮಾನ್ಯ ಮಲ್ಟಿಮೀಟರಿನ ಮುಳ್ಳಿನ ಸಡಿಲವೇ ಇದನ್ನು ತಪ್ಪಾಗಿಸುತ್ತದೆ. ತಂತಿ ಎಲ್ಲಾದರೂ ತುಂಡಾಗಿದೆಯೇ ಎಂದು ನೋಡಲು ಮಾತ್ರ ಅದನ್ನು ಬಳಸಿ.

## ನೀರು ಕಡಿಮೆಯಾದಾಗ

ನೀರು ಕಡಿಮೆಯಾಗಲು ನಾಲ್ಕು ಮುಖ್ಯ ಕಾರಣಗಳು: ಬೋರಿನ ಇಳುವರಿ ತಗ್ಗಿದೆ, ಇಂಪೆಲ್ಲರ್ ಸವೆದಿದೆ, ಕಾಲಂ ಪೈಪು ತೂತಾಗಿದೆ, ಮೋಟಾರು ಉಲ್ಟಾ ತಿರುಗುತ್ತಿದೆ. ಇವನ್ನು ಬೇರ್ಪಡಿಸಲು ಡ್ರಮ್, ಆಂಪ್ ಮತ್ತು ಗಡಿಯಾರ ಸಾಕು.

ಬೋರಿನಲ್ಲಿ ನೀರೇ ತಗ್ಗಿದ್ದರೆ ಮೊದಲ ಕೆಲವು ನಿಮಿಷ ನೀರು ತುಂಬ ಬರುತ್ತದೆ, ಆಮೇಲೆ ಗಾಳಿ ಬೆರೆತು ಉಗುಳುತ್ತಾ ಬರುತ್ತದೆ, ಆಂಪ್ 15ರಿಂದ ಹತ್ತರ ಕಡೆಗೆ ಕುಣಿಯುತ್ತದೆ. ಒಳಗಿನ ಬೇರಿಂಗುಗಳಿಗೆ ತಂಪೂ ನೀರೇ, ಎಣ್ಣೆಯೂ ನೀರೇ. ಆದ್ದರಿಂದ ಇದೇ ಅತ್ಯಂತ ಅಪಾಯದ ಓಟ. ಡ್ರೈ ರನ್ ಕಟ್‌ಆಫನ್ನು ಓಡುವ ಆಂಪ್‌ನ ಶೇ 80ಕ್ಕೆ, ಅಂದರೆ ಇಲ್ಲಿ 12ಕ್ಕೆ ಇಡಿ. ತಾತ್ಕಾಲಿಕವಾಗಿ ಗೇಟ್‌ವಾಲ್ವ್ ಸ್ವಲ್ಪ ಮುಚ್ಚಿ, ಗಾಳಿ ನಿಲ್ಲುವಷ್ಟಕ್ಕೆ ಹೊಂದಿಸಿ ಓಡಿಸಬಹುದು. ವಾಲ್ವ್ ಪೂರ್ತಿ ಮುಚ್ಚಿ ಓಡಿಸಬಾರದು, ಮೋಟಾರಿನ ಸುತ್ತ ನೀರು ಹರಿಯದೆ ಬಿಸಿ ಹೊರಹೋಗುವುದಿಲ್ಲ.

ಇಂಪೆಲ್ಲರ್ ಸವೆದಿದ್ದರೆ ಆರಂಭದಿಂದ ಕೊನೆವರೆಗೂ ಒಂದೇ ಸಮನೆ ಕಡಿಮೆ ನೀರು. ಗಾಳಿ ಇಲ್ಲ, ಆಂಪ್ ಕುಣಿತ ಇಲ್ಲ. ನೀರಿನ ಮಟ್ಟ ಮೊದಲಿನಷ್ಟೇ ಇದ್ದು ಡ್ರಮ್ 60 ಸೆಕೆಂಡಿನ ಬದಲು 75 ತೆಗೆದುಕೊಂಡರೆ ಐದರಲ್ಲಿ ಒಂದು ಪಾಲು ನೀರು ಹೋಯಿತು. ಮರಳು ಬರುವ ಬೋರಿನಲ್ಲಿ ಇದು ಬೇಗ ಬರುತ್ತದೆ.

ಕಾಲಂ ತೂತನ್ನು ಕಂಡುಹಿಡಿಯುವುದು ಗಡಿಯಾರ. ನಾನ್ ರಿಟರ್ನ್ ವಾಲ್ವ್ ಮತ್ತು ಪೈಪು ಗಟ್ಟಿಯಿದ್ದರೆ ರಾತ್ರಿಯಿಡೀ ಕಾಲಂ ತುಂಬಿಯೇ ಇದ್ದು, ಗುಂಡಿ ಒತ್ತಿದ ಕೂಡಲೇ ನೀರು ಬರುತ್ತದೆ. ಸೋರಿಕೆಯಿದ್ದರೆ ನಿಂತ ನೀರಿನ ಮಟ್ಟದವರೆಗೆ ಖಾಲಿಯಾಗುತ್ತದೆ. ಎರಡೂವರೆ ಇಂಚಿನ ಪೈಪಿನಲ್ಲಿ 200 ಅಡಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ, ಅದು ಮತ್ತೆ ತುಂಬಲು ಮುಕ್ಕಾಲರಿಂದ ಒಂದು ನಿಮಿಷ ಬೇಕು. ತಡ ಇಪ್ಪತ್ತೇ ಸೆಕೆಂಡಾದರೆ ತೂತು ನಿಂತ ನೀರಿಗಿಂತ ಮೇಲೆಯೇ, ಮೊದಲ ಕೆಲವು ಪೈಪುಗಳಲ್ಲಿದೆ. ಪಂಪ್ ಓಡುವಾಗ ಬೋರಿನ ಬಾಯಿಗೆ ಕಿವಿಯಿಟ್ಟರೆ ಗೋಡೆಗೆ ನೀರು ಚಿಮ್ಮುವ ಸದ್ದೂ ಕೇಳಿಸುತ್ತದೆ. ಆಗ ಎಲ್ಲ ಪೈಪು ಹೊರಗೆಳೆಯುವ ಅಗತ್ಯವಿಲ್ಲ, ತೂತಿನ ಪೈಪಿನವರೆಗೆ ಎತ್ತಿದರೆ ಸಾಕು. ಎತ್ತುವಾಗ ಭಾರ ಕಡಿಮೆಯಾಗಲೆಂದು ಕೆಲವರು ವಾಲ್ವಿನಲ್ಲೇ ಸಣ್ಣ ತೂತು ಕೊರೆಸಿರುತ್ತಾರೆ. ಅಂಥ ಪಂಪಿನಲ್ಲಿ ಈ ತಡ ಸಹಜ. ಮೊದಲ ದಿನದ ದಾಖಲೆ ಬೇಕಾಗುವುದು ಇಲ್ಲೇ.

## ದೋಷಪಟ್ಟಿ

| ಲಕ್ಷಣ | ಸಾಧ್ಯ ಕಾರಣ | ಖಚಿತಪಡಿಸುವ ಬಗೆ | ಎತ್ತಬೇಕೇ? |
|---|---|---|---|
| ಸ್ಟಾರ್ಟರ್ ಹಿಡಿಯುವುದೇ ಇಲ್ಲ | ಒಂದು ಫೇಸ್ ಇಲ್ಲ. ನೋವೋಲ್ಟ್ ಕಾಯಿಲ್ ಸುಟ್ಟಿದೆ. ಪ್ರಿವೆಂಟರ್ ತಡೆದಿದೆ | ಮೂರು ಜೋಡಿ ವೋಲ್ಟೇಜು ನೋಡಿ, ಆಮೇಲೆ ಕಾಯಿಲ್ | ಬೇಡ |
| ಹಿಡಿದು ಗಡಗಡ ಬಡಿಯುತ್ತದೆ | ಕಡಿಮೆ ವೋಲ್ಟೇಜು. ಕಾಯಿಲಿನ ತುಕ್ಕು, ಧೂಳು | ಶುರುವಾಗುವ ಕ್ಷಣದ ವೋಲ್ಟೇಜು | ಬೇಡ |
| ಫ್ಯೂಸ್ ಕೂಡಲೇ ಹೋಗುತ್ತದೆ | ಕೇಬಲ್ ಅಥವಾ ವೈಂಡಿಂಗ್ ಶಾರ್ಟ್ | ಮೆಗ್ಗರ್ ಸೊನ್ನೆಯ ಹತ್ತಿರ | ಹೌದು |
| ಆಂಪ್ ತುಂಬ ಹೆಚ್ಚು, ಮೋಟಾರು ಎದ್ದೇಳುವುದಿಲ್ಲ, ಮೆಗ್ಗರ್ ಸರಿಯಿದೆ | ಮರಳು ಸಿಕ್ಕಿ ಜಾಮ್. ಒಂದು ಫೇಸ್ ಇಲ್ಲ | ಮೂರು ಫೇಸ್ ಇದ್ದರೆ ಎರಡು ತಂತಿ ಅದಲುಬದಲು ಮಾಡಿ ಒಂದೆರಡು ಸೆಕೆಂಡು ಉಲ್ಟಾ ಪ್ರಯತ್ನ, ಒಂದೆರಡು ಸಲ ಮಾತ್ರ | ಬಿಡದಿದ್ದರೆ ಹೌದು |
| ಓಡಿ ಹತ್ತು ನಿಮಿಷಕ್ಕೆ ಟ್ರಿಪ್ | ಕಡಿಮೆ ವೋಲ್ಟೇಜು, ಏರುಪೇರು, ಬೇರಿಂಗ್ ಸವೆತ | ವೋಲ್ಟೇಜು ಸರಿಯಿದ್ದೂ ಮೂರರಲ್ಲೂ ಆಂಪ್ ಹೆಚ್ಚಿದ್ದರೆ ಬೇರಿಂಗ್ | ಬೇರಿಂಗಾದರೆ ಹೌದು |
| ಆಂಪ್ 7–8, ನೀರು ಹನಿಯೂ ಇಲ್ಲ | ಶಾಫ್ಟ್ ಅಥವಾ ಕಪ್ಲಿಂಗ್ ತುಂಡು. ಬೋರ್ ಒಣಗಿದೆ | ನೀರಿನ ಮಟ್ಟ ನೋಡಿ | ನೀರಿದ್ದರೆ ಹೌದು |
| ದುರಸ್ತಿಯ ನಂತರ ನೀರು ಅರ್ಧಕ್ಕಿಂತ ಕಡಿಮೆ | ಉಲ್ಟಾ ತಿರುಗುತ್ತಿದೆ | ಎರಡು ತಂತಿ ಅದಲುಬದಲು ಮಾಡಿ. ಹೆಚ್ಚು ನೀರು ಬರುವುದೇ ಸರಿ ದಿಕ್ಕು | ಬೇಡ |
| ಮೇನ್ ಬಳಿ ಆಂಪ್ ಏರಿದೆ, ಮೋಟಾರು ತಂತಿಯಲ್ಲಿ ಮೊದಲಿನಷ್ಟೇ | ಕಂಡೆನ್ಸರ್ ಸತ್ತಿದೆ | ಕಂಡೆನ್ಸರ್ ತಂತಿಯ ಆಂಪ್ ಸೊನ್ನೆ | ಬೇಡ |

ಉಲ್ಟಾ ತಿರುಗಿದರೂ ಈ ಪಂಪುಗಳು ಒಂದಿಷ್ಟು ನೀರು ಕೊಡುತ್ತವೆ, ಅದರಿಂದಲೇ ಜನ ಮೋಸ ಹೋಗುತ್ತಾರೆ. ಟಿಸಿ ಬದಲಿಸಿದ, ಲೈನ್ ದುರಸ್ತಿಯಾದ ಮರುದಿನ ಡ್ರಮ್ ಪರೀಕ್ಷೆ ತಪ್ಪಿಸಬೇಡಿ.

## ಎತ್ತಿದಾಗ ನೋಡಬೇಕಾದ್ದು, ಬದಲಿಸಬೇಕಾದ್ದು

ಮೋಟಾರು ಹೊರಬಂದಾಗ ತಳದ ರಬ್ಬರ್ ಡಯಾಫ್ರಂ ನೋಡಿ. ಒಳಗಿನ ನೀರು ಬಿಸಿಯಾಗಿ ಹಿಗ್ಗಿದಾಗ ಅದು ಜಾಗ ಕೊಡುತ್ತದೆ. ಹರಿದಿದ್ದರೆ ಬೋರಿನ ಕೆಸರು ಮೋಟಾರಿನೊಳಗೆ ಸೇರಿರುತ್ತದೆ. ತುಂಬುವ ಪ್ಲಗ್ ಬಿಚ್ಚಿ ಒಳಗಿನ ನೀರನ್ನು ಬಿಳಿ ಪಾತ್ರೆಗೆ ಬಗ್ಗಿಸಿ. ಕಪ್ಪು ಪುಡಿ ಕಂಡರೆ ಕಾರ್ಬನ್ ಥ್ರಸ್ಟ್ ಬೇರಿಂಗ್ ಸವೆಯುತ್ತಿದೆ, ಮಣ್ಣಿನ ಬಣ್ಣವಾದರೆ ಸೀಲ್ ಸೋತಿದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯಾದರೆ ವೈಂಡಿಂಗ್. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಒಂದೇ ಸಮನೆ ತಿರುಗಬೇಕು. ಅಡ್ಡಕ್ಕೆ ಅಲುಗಾಡಿಸಿದಾಗ ಕೈಗೆ ತಿಳಿಯುವಷ್ಟು ಸಡಿಲವಿದ್ದರೆ ಬುಷ್ ಬದಲಿಸಿ.

| ಭಾಗ | ಎಷ್ಟು | ಎಲ್ಲಿ, ಯಾವಾಗ |
|---|---|---|
| ಫ್ಯೂಸ್ ಕ್ಯಾರಿಯರ್, ಫ್ಯೂಸ್ ತಂತಿ | 1 ಕ್ಯಾರಿಯರ್, 1 ಸುರುಳಿ | ಮನೆಯಲ್ಲಿ ಸದಾ |
| ನೋವೋಲ್ಟ್ ಕಾಯಿಲ್ (415 ವೋಲ್ಟ್) | 1 | ಮನೆಯಲ್ಲಿ ಸದಾ |
| ಕಾಂಟ್ಯಾಕ್ಟರ್ ಪಾಯಿಂಟ್ ಸೆಟ್ | 1 | ಮನೆಯಲ್ಲಿ. ಹಳ್ಳ ಬಿದ್ದರೆ ಮೂರೂ ಒಟ್ಟಿಗೆ |
| ಕಂಡೆನ್ಸರ್ 3 ಕೆವಿಎಆರ್ | 1 | ಬೇಕಾದಾಗ ತನ್ನಿ |
| ರಬ್ಬರ್ ಟೇಪ್, ಪಿವಿಸಿ ಟೇಪ್, ತಾಮ್ರದ ಸ್ಲೀವ್ | ತಲಾ 2 ಸುರುಳಿ, 6 ಸ್ಲೀವ್ | ಎತ್ತುವ ಮೊದಲೇ ಕೈಯಲ್ಲಿರಲಿ |
| ಕಾಲಂ ಪೈಪಿನ ರಬ್ಬರ್ ರಿಂಗ್ | 10 ಅಡಿಯ ಪೈಪಾದರೆ 350 ಅಡಿಗೆ 35, ಜೊತೆಗೆ 5 | ಪ್ರತಿಸಲ ಎತ್ತಿದಾಗ ಎಲ್ಲವೂ ಹೊಸದು |
| ನಾನ್ ರಿಟರ್ನ್ ವಾಲ್ವಿನ ರಬ್ಬರು | 1 | ಪ್ರತಿಸಲ |
| ಆಯಿಲ್ ಸೀಲ್, ಸ್ಯಾಂಡ್ ಗಾರ್ಡ್, ಡಯಾಫ್ರಂ, ಓ ರಿಂಗ್ | 1 ಸೆಟ್ | ಮೋಟಾರು ಬಿಚ್ಚಿದರೆ ಪ್ರತಿಸಲ |
| ಕಾರ್ಬನ್ ಥ್ರಸ್ಟ್ ಬೇರಿಂಗ್, ಸ್ಟೀಲ್ ಪ್ಲೇಟ್ | 1 ಜೋಡಿ | ಗೀರು ಕಂಡರೆ. ಒಂದನ್ನೇ ಬದಲಿಸಬೇಡಿ |
| ಮೋಟಾರ್ ಬುಷ್ | 2 | ಅಡ್ಡ ಸಡಿಲ ಇದ್ದರೆ ಮೇಲಿನದೂ ಕೆಳಗಿನದೂ |
| ಇಂಪೆಲ್ಲರ್, ವೇರ್ ರಿಂಗ್, ಸ್ಟೇಜ್ ಬುಷ್ | ಪಂಪಿನ ಸ್ಟೇಜ್‌ಗಳಷ್ಟು | ಡಿಸ್ಚಾರ್ಜ್ ಐದನೇ ಒಂದು ಪಾಲು ತಗ್ಗಿದ್ದರೆ |

ಬಿಡಿಭಾಗ ತರುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಒಂದೇ ಎಚ್‌ಪಿಯ ಮೋಟಾರುಗಳಲ್ಲೂ ಥ್ರಸ್ಟ್ ಬೇರಿಂಗಿನ ಅಳತೆ ಬೇರೆ ಇರುತ್ತದೆ.

## ಮತ್ತೆ ಇಳಿಸುವುದು

ಮೋಟಾರನ್ನು ನೇರವಾಗಿ ನಿಲ್ಲಿಸಿ, ಮೇಲಿನ ಎರಡೂ ಪ್ಲಗ್ ತೆಗೆದು, ಬಟ್ಟೆಯಲ್ಲಿ ಸೋಸಿದ ಕುಡಿಯುವ ನೀರನ್ನು ಒಂದು ಕಡೆಯಿಂದ ನಿಧಾನವಾಗಿ ತುಂಬಿ. ಇನ್ನೊಂದು ಕಡೆಯಿಂದ ಗುಳ್ಳೆ ಬರುವುದು ನಿಂತ ಮೇಲೆ ಅಲುಗಾಡಿಸಿ, ಶಾಫ್ಟ್ ತಿರುಗಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತುಂಬಿ. ಈ ಅರ್ಧ ಗಂಟೆಯನ್ನು ಯಾರೂ ಕಾಯುವುದಿಲ್ಲ, ಆದರೆ ವೈಂಡಿಂಗಿನ ಸಂದಿನಲ್ಲಿ ಉಳಿದ ಗಾಳಿ ಮೇಲೆ ಬಂದು ನಿಲ್ಲುವುದು ಮೇಲಿನ ಬುಷ್ ಬಳಿಯೇ.

ಜಾಯಿಂಟ್ ಮಾಡುವಾಗ ಮೂರು ತಂತಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸದೆ ಮೂರು ನಾಲ್ಕು ಇಂಚು ಹೆಚ್ಚುಕಡಿಮೆ ಮಾಡಿ, ಮೂರು ಗಂಟೂ ಒಂದೇ ಜಾಗದಲ್ಲಿ ಬೀಳದಿರಲಿ. ತಂತಿಯ ಹೊದಿಕೆಯನ್ನು ಒರೆಸಿ ಒಣಗಿಸಿ, ಸ್ಲೀವ್ ಒತ್ತಿ, ರಬ್ಬರ್ ಟೇಪನ್ನು ಎಳೆದು ಅರ್ಧ ಅರ್ಧ ಮೇಲೇರುವಂತೆ ಎರಡು ಪದರ ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಮುಗಿದ ಜಾಯಿಂಟನ್ನು ಬಕೆಟ್ ನೀರಿನಲ್ಲಿ ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಮುಳುಗಿಸಿ ಮೆಗ್ಗರ್ ಹೊಡೆದ ನಂತರವೇ ಇಳಿಸಿ.

ಇಳಿಸುವಾಗ ಪ್ರತಿ 10 ಅಡಿಗೊಮ್ಮೆ ಕೇಬಲ್ಲನ್ನು ಪೈಪಿಗೆ ಕಟ್ಟಿ. ಕೇಬಲ್ ಹಿಡಿದು ಪಂಪಿನ ಭಾರ ಎತ್ತಬೇಡಿ. ಪ್ರತಿ ಐದಾರು ಪೈಪಿಗೊಮ್ಮೆ ಮೆಗ್ಗರ್ ನೋಡುತ್ತಾ ಹೋದರೆ ಕೇಬಲ್ ಎಲ್ಲಾದರೂ ಕಚ್ಚಿಕೊಂಡಿದ್ದು ಅಲ್ಲೇ ತಿಳಿಯುತ್ತದೆ, 350 ಅಡಿ ಮುಗಿದ ಮೇಲಲ್ಲ. ಮೋಟಾರಿನ ತಳ ಬೋರಿನ ತಳದಿಂದ ಕನಿಷ್ಠ 10 ಅಡಿ ಮೇಲಿರಲಿ. ಕೆಲಸ ನಡುವೆ ನಿಂತರೆ, ಊಟಕ್ಕೆ ಹೋಗುವಷ್ಟು ಹೊತ್ತಿಗೂ, ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬಿಗಿಯಿರಿ.

ಗೇಟ್‌ವಾಲ್ವನ್ನು ಅರ್ಧ ತೆರೆದು ಶುರು ಮಾಡಿ, ನೀರು ತಿಳಿಯಾದ ಮೇಲೆ ನಿಧಾನವಾಗಿ ಪೂರ್ತಿ ತೆರೆಯಿರಿ. ಅರ್ಧ ಗಂಟೆಯ ನಂತರ ವೋಲ್ಟೇಜು, ಮೂರು ಆಂಪ್, ಡ್ರಮ್ಮಿನ ಸೆಕೆಂಡು, ಮರುದಿನ ಬೆಳಗ್ಗೆ ನೀರು ಬರುವ ಸಮಯ ಮತ್ತು ಮೆಗಾಓಮ್ ಬರೆದು, ಹಳೆಯ ದಾಖಲೆಯ ಕೆಳಗೆ ಬದಲಿಸಿದ ಭಾಗಗಳ ಹೆಸರು ಮತ್ತು ತಾರೀಖು ಸೇರಿಸಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ.